ಕಾಯಿ ಅರ್ಧ ಮಾಡಿದರೂ ಗಸಿಯ ಕೊಬ್ಬು ಇಳಿಯುತ್ತಿಲ್ಲ, ಎಲ್ಲಿ ತಪ್ಪು?

ಕೋಥ್ರೂಡ್ ಅಡುಗೆಮನೆ: ಕೋಳಿ ಗಸಿ, ನಾಲ್ಕು ಜನಕ್ಕೆ. ಮೊದಲು ಹಸಿ ಕಾಯಿತುರಿ 120 ಗ್ರಾಂ, ಎಣ್ಣೆ ಎರಡು ದೊಡ್ಡ ಚಮಚ ಹಾಕುತ್ತಿದ್ದೆ. ಕೋಳಿ ಬಿಟ್ಟು ಬಟ್ಟಲಿಗೆ 17 ಗ್ರಾಂ ಕೊಬ್ಬು ಬರುತ್ತಿತ್ತು. ಇಲ್ಲಿ ಪುಣೆಯಲ್ಲಿ ಪಕ್ಕದ ಮನೆಯವರು ವಾಟಣ ಅನ್ನುವ ರುಬ್ಬಿದ ಮಸಾಲೆಗೆ ಒಣ ಕೊಬ್ಬರಿ ಹಾಕುವುದು ನೋಡಿ ನಾನೂ 60 ಗ್ರಾಂ ಕೊಬ್ಬರಿಗೆ ಬದಲಾದೆ, ಎಣ್ಣೆ ಅಷ್ಟೇ. ಆ್ಯಪ್‌ನಲ್ಲಿ ‘ತುರಿದ ಕಾಯಿ’ ಅಂತ ಹಾಕಿದರೆ 12 ತೋರಿಸುತ್ತದೆ, ‘ಕೊಬ್ಬರಿ’ ಅಂತ ಹಾಕಿದರೆ ಮತ್ತೆ 17ರ ಹತ್ತಿರ. ಯಾವುದು ಸರಿ?

ಮಡಗಾಂವ್ ಮಾಮಿ: ತೆಂಗಿನಕಾಯಲ್ಲಿ ಕೊಲೆಸ್ಟರಾಲ್ ಇಲ್ಲವೇ ಇಲ್ಲ, ಸುಮ್ನೆ ಹೆದರಬೇಡಿ. ನಾವು ದಿನಾ ಹುಮಣ ತಿಂದೇ ಬೆಳೆದವರು.

ಕೋಥ್ರೂಡ್ ಅಡುಗೆಮನೆ: ಮಾಮಿ, ನಾನು ಕೇಳಿದ್ದು ಅದಲ್ಲ 😄

ಡೊಂಬಿವಲಿ ಭಟ್ಟ: ಎರಡನೆಯದು ಸರಿ ಅಕ್ಕ. ಕಾಯಿ ಒಣಗಿದಾಗ ಹೋಗುವುದು ನೀರು, ಕೊಬ್ಬು ಅಲ್ಲಿಯೇ ಇರುತ್ತದೆ. ಹಸಿ ತುರಿ 100 ಗ್ರಾಂನಲ್ಲಿ ಸುಮಾರು 33 ಗ್ರಾಂ ಇದ್ದರೆ ಕೊಬ್ಬರಿಯಲ್ಲಿ 65. ನಿಮ್ಮ 120 ಗ್ರಾಂ ತುರಿಯಲ್ಲಿ 40, 60 ಗ್ರಾಂ ಕೊಬ್ಬರಿಯಲ್ಲಿ 39. ತೂಕ ಅರ್ಧ ಆಯಿತು, ಕೊಬ್ಬು ಕದಲಲಿಲ್ಲ. ಅದರ ಮೇಲೆ ಎಣ್ಣೆಯ 27. ಒಟ್ಟು 66, ನಾಲ್ಕು ಪಾಲು ಮಾಡಿ ನೋಡಿ.

ಠಾಣೆ ಜಿಮ್ ಹುಡುಗ: ಹಾಲು ತೆಗೆದು ಚರಟ ಬಿಸಾಕಿ, ಕೊಬ್ಬೆಲ್ಲ ಹೋಗುತ್ತದೆ.

ಡೊಂಬಿವಲಿ ಭಟ್ಟ: ಎಲ್ಲ ಹೋಗುವುದಿಲ್ಲ ಮಾರಾಯ. ಮೊದಲ ಹಾಲು ದಪ್ಪ, ಬೆಳ್ಳಗೆ ಬರುತ್ತದಲ್ವಾ, ಅದು ಕೊಬ್ಬೇ. ಚರಟದಲ್ಲಿ ಸ್ವಲ್ಪ ಉಳಿಯುತ್ತದೆ ನಿಜ. ಎಷ್ಟು ಅನ್ನುವುದು ಮಿಕ್ಸಿ, ನೀರು, ಹಿಂಡುವ ಕೈ ಮೇಲೆ ಹೋಗುತ್ತದೆ, ಆ್ಯಪ್‌ಗೆ ಗೊತ್ತಾಗುವುದಿಲ್ಲ. ಅಕ್ಕ, ನನಗೆ ಅನುಮಾನ ನಿಮ್ಮ ಚಮಚದ ಮೇಲೆ. ಎಣ್ಣೆ ಬಾಟಲಿಯನ್ನು ಅಡುಗೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೂಕ ಮಾಡಿ. ಮಸಾಲೆ ಹುರಿಯಲು, ಈರುಳ್ಳಿಗೆ, ಕೊನೆಗೆ ಒಗ್ಗರಣೆಗೆ ಅಂತ ಮೂರು ಸಲ ಬಾಟಲಿ ಬಗ್ಗಿಸಿರುತ್ತೀರಿ.

ಠಾಣೆ ಜಿಮ್ ಹುಡುಗ: ಹೈದರಾಬಾದಿನ ಪೌಷ್ಟಿಕ ಸಂಸ್ಥೆಯ 2017ರ ಪಟ್ಟಿಯಲ್ಲಿ ಹಸಿ ಕಾಯಿಗೆ 41 ಇದೆ, ನೀವು 33 ಅಂತೀರಿ?

ಡೊಂಬಿವಲಿ ಭಟ್ಟ: 33 ಅಮೆರಿಕದ ಪಟ್ಟಿಯದು, ಆ್ಯಪ್‌ಗಳಲ್ಲಿ ಜಾಸ್ತಿ ಇರುವುದು ಅದೇ. ಕಾಯಿ ಬಲಿತಷ್ಟೂ ಕೊಬ್ಬು ಜಾಸ್ತಿ, ಹಾಗಾಗಿ ನಿಮ್ಮ ಕಾಯಿ ಯಾವುದರ ಹತ್ತಿರ ಅಂತ ಹೇಳುವುದು ಕಷ್ಟ. ಯಾವುದನ್ನಾದರೂ ಒಂದನ್ನು ಹಿಡಿದು ಅದರಲ್ಲೇ ಲೆಕ್ಕ ಮಾಡಿ, ಬೆರೆಸಬೇಡಿ.

ಕೋಥ್ರೂಡ್ ಅಡುಗೆಮನೆ: ಬಾಟಲಿ ತೂಗಿದೆ. 52 ಗ್ರಾಂ ಹೋಗಿದೆ! ಹಾಗಾದರೆ ಬಟ್ಟಲಿಗೆ 23. ಕೊಬ್ಬರಿಯನ್ನೂ ಎಣ್ಣೆಯಲ್ಲೇ ಹುರಿಯುತ್ತಿದ್ದೆ.

ಡೊಂಬಿವಲಿ ಭಟ್ಟ: ಕೊಬ್ಬರಿಗೆ ಎಣ್ಣೆಯೇ ಬೇಡ, ಸಣ್ಣ ಉರಿಯಲ್ಲಿ ಒಣ ಬಾಣಲೆಗೆ ಹಾಕಿ, ಅದರ ಎಣ್ಣೆ ಅದೇ ಬಿಡುತ್ತದೆ. 30 ಗ್ರಾಂ ಕೊಬ್ಬರಿ, 20 ಗ್ರಾಂ ಎಣ್ಣೆಗೆ ಇಳಿಸಿದರೆ ಬಟ್ಟಲಿಗೆ 10. ಗಸಿ ಗಟ್ಟಿಯಾಗಲು ಹುರಿದ ಈರುಳ್ಳಿ ಜಾಸ್ತಿ ಹಾಕಿ ರುಬ್ಬಿ.

ಮಡಗಾಂವ್ ಮಾಮಿ: ಅದು ಗಸಿ ಅಲ್ಲ, ಈರುಳ್ಳಿ ಸಾರು.