‘ಆರೂಢ’: ಪ್ರಶ್ನೆ ಹೇಳುವವರ ಬಾಯಲ್ಲಿ ಅರ್ಥವೇನು?

ಗದಗದಿಂದ:
ಪ್ರಶ್ನೆ ಹೇಳುತ್ತಿದ್ದ ನಮ್ಮ ಅಜ್ಜನ ವಹಿಯನ್ನು ಬೆರಳಚ್ಚು ಮಾಡುತ್ತಿದ್ದೇನೆ. ಬ್ಯಾಸಗಿಯ ಒಂದು ಪುಟ ಹೀಗಿದೆ: “ಬುಗುಡಿ ಕಳದದ, ಸಿಕ್ಕೀತೇನು? ಮುಂಜಾನೆ 10:30. ರವಿ, ಬುಧ ಮೇಷ. ಉದಯ ಮಿಥುನ. ಸಂಖ್ಯೆ 47, ಆರೂಢ ಕನ್ಯಾ. ಉದಯಕ್ಕ ನಾಕನೇದು, ಮನಿಯಾಗ ಹುಡುಕ್ರಿ.” ಅದೇ ದಿನ, ಅದೇ ಹೊತ್ತು ಹಾಕಿದರೆ ಮೊಬೈಲಿನ ಜಾತಕದ ಆ್ಯಪ್ ಲಗ್ನ ಮಿಥುನವೆಂದೇ ತೋರಿಸುತ್ತದೆ, ಆದರೆ ‘ಆರೂಢ ಲಗ್ನ ಕುಂಭ’ ಎನ್ನುತ್ತದೆ. ಅಜ್ಜ ತಪ್ಪಿದರೇ? ಅಡಿಟಿಪ್ಪಣಿ ಏನೆಂದು ಬರೆಯಲಿ?

ಹುಬ್ಬಳ್ಳಿಯಿಂದ:
ನಮ್ಮೂರಾಗ ಆರೂಢ ಅಂದ್ರ ಸಿದ್ಧಾರೂಢರು, ಸಿದ್ಧಿ ಏರಿದವರು. ಹಂಗಾರ ಇಲ್ಲೂ ಕೆಲಸ ಸಿದ್ಧಿ ಆಗೂ ರಾಶಿ ಅಂತನ ಅರ್ಥ.

ಧಾರವಾಡದಿಂದ:
‘ಏರಿದ’ ಅನ್ನುವುದು ಸರಿ, ಸಿದ್ಧಿ ಇಲ್ಲಿ ಸೇರುವುದಿಲ್ಲ. ಅಶ್ವಾರೂಢ ಅಂದರೆ ಕುದುರೆ ಏರಿದವ. ಹಾಗೆಯೇ ಇದು ಕೇಳಲು ಬಂದವರು ಏರಿ ಕೂತ ರಾಶಿ. ಫಲ ಒಳ್ಳೆಯದೋ ಕೆಟ್ಟದ್ದೋ ಎಂಬುದು ಆ ಪದದೊಳಗೆ ಇಲ್ಲ. ಉದಯ ಲಗ್ನ ಸುಮಾರು ಎರಡು ತಾಸಿಗೊಮ್ಮೆ ಬದಲಾಗುತ್ತದೆ, ಅಷ್ಟರೊಳಗೆ ಬಂದವರಿಗೆಲ್ಲ ಅದೇ ರಾಶಿ. ಆರೂಢ ಮಾತ್ರ ಕೇಳಿದವರಿಂದಲೇ ಬರಬೇಕು, ಅವರು ಕೂತ ದಿಕ್ಕಿನಿಂದಲೋ ಹೇಳಿದ ಸಂಖ್ಯೆಯಿಂದಲೋ. ನಿಮ್ಮ ಅಜ್ಜನದು ಸಂಖ್ಯೆಯ ಕ್ರಮ. 12 ರಾಶಿಗೆ ಒಂಬತ್ತೊಂಬತ್ತು ನವಾಂಶ, ಒಟ್ಟು 108. 47ನ್ನು 9ರಿಂದ ಭಾಗಿಸಿದರೆ ಐದು ರಾಶಿ ಕಳೆದು 2 ಉಳಿಯುತ್ತದೆ. ಅಲ್ಲಿಗೆ ಆರನೆಯ ರಾಶಿ ಕನ್ಯಾ, ಅದರ ಎರಡನೆಯ ನವಾಂಶ. ಅಜ್ಜ ತಪ್ಪಿಲ್ಲ.

ಆ್ಯಪ್ ಕೊಟ್ಟದ್ದು ಜಾತಕದ ಆರೂಢ, ಹೆಸರೊಂದೇ, ಲೆಕ್ಕ ಬೇರೆ. ಲಗ್ನದಿಂದ ಅದರ ಅಧಿಪತಿ ಎಷ್ಟನೆಯ ಮನೆಯಲ್ಲಿದ್ದಾನೋ ಅವನಿಂದ ಮತ್ತೆ ಅಷ್ಟೇ ಎಣಿಸುತ್ತಾರೆ. ಮಿಥುನದ ಒಡೆಯ ಬುಧ ಹನ್ನೊಂದನೆಯ ಮೇಷದಲ್ಲಿ, ಮೇಷದಿಂದ ಹನ್ನೊಂದನೆಯದು ಕುಂಭ. 47 ಎಂಬ ಸಂಖ್ಯೆಯನ್ನು ಆ್ಯಪ್ ನಿಮ್ಮನ್ನು ಕೇಳಿಯೇ ಇಲ್ಲವಲ್ಲ, ಅದರಿಂದಲೇ ಗುರುತು ಹಿಡಿಯಬಹುದು.

ಹಾವೇರಿಯಿಂದ:
ನನ್ನ ನೌಕರಿ ಸಲುವಾಗಿ ಕೇಳಾಕ ಹೋದಾಗ ನಾ 108 ಅಂದಿದ್ದೆ. ಭಾಗಿಸಿದ್ರ 12, ಉಳಿದದ್ದು ಸೊನ್ನಿ. ಹದಿಮೂರನೇ ರಾಶಿ ಎಲ್ಲೈತ್ರಿ? ಅವರು ಮೇಷ ಹಿಡಿದ್ರು. ನೌಕರಿ ಸಿಗಲಿಲ್ಲ.

ಧಾರವಾಡದಿಂದ:
ನೌಕರಿಯ ಮಾತು ನಾನು ಹೇಳಲಾರೆ, ಲೆಕ್ಕ ಮಾತ್ರ ತಪ್ಪಿದೆ. ಸೊನ್ನೆ ಉಳಿದರೆ ಮುಂದಿನ ರಾಶಿಗೆ ಹೋಗಬಾರದು. ಹನ್ನೆರಡನೆಯದರ ಕೊನೆಯ ನವಾಂಶದಲ್ಲೇ ನಿಲ್ಲಬೇಕು, ಅಂದರೆ ಮೀನ. 9, 18, 27 ಹೇಳಿದವರಿಗೂ ಹೀಗೇ ಎಡವುತ್ತಾರೆ.

ಗದಗದಿಂದ:
ಟಿಪ್ಪಣಿಗೆ ‘ಕೇಳಿದವರು ಏರಿದ ರಾಶಿ’ ಎಂದು ಬರೆದುಕೊಂಡೆ. ಇನ್ನೊಂದು ಪುಟದಲ್ಲಿ ಸಂಖ್ಯೆಯೇ ಇಲ್ಲ, “ಆರೂಢ ಹತ್ತಲಿಲ್ಲ, ನಾಳೆ ಬರ್ರಿ” ಎಂದಷ್ಟೇ ಇದೆ. ಕೇಳಿದವರು ರಾಶಿ ಹತ್ತಲಿಲ್ಲ ಎಂದೋ, ಅಜ್ಜನಿಗೆ ಗೊತ್ತು ಹತ್ತಲಿಲ್ಲ ಎಂದೋ?

ಹುಬ್ಬಳ್ಳಿಯಿಂದ:
ಗೊತ್ತು ಹತ್ತಲಿಲ್ಲ ಅಂತನ ಇರಬೇಕು.

ಧಾರವಾಡದಿಂದ:
ನನಗೆ ಮೊದಲನೆಯದು ಅನಿಸುತ್ತದೆ. ಆ ಪುಟದಲ್ಲಿ ಉದಯ ಬರೆದಿದ್ದಾರೆಯೇ, ನೋಡಿ ಹೇಳಿ.