ಸಹಾಯ ಬೇಕು: ಪಾರ್ಸೆಲ್ ಚೀಟಿಯಲ್ಲಿ ನೆದರ್‌ಲ್ಯಾಂಡ್ಸ್, ಪೊಟ್ಟಣದಲ್ಲಿ ಇಥಿಯೋಪಿಯಾ

ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಹೊರದೇಶದ ಹುರಿದ ಬೀಜ ಹೇಗಿರುತ್ತೆ ನೋಡೋಣ ಅಂತ ನೆದರ್‌ಲ್ಯಾಂಡ್ಸ್‌ನ ಒಂದು ಅಂಗಡಿಯಿಂದ ಅರ್ಧ ಕೆಜಿ ತರಿಸಿದೆ. ಪೊಟ್ಟಣದ ಮೇಲೆ ಇಥಿಯೋಪಿಯಾ ಅಂತಿದೆ. ಆದರೆ ಡಬ್ಬಿಗೆ ಅಂಟಿಸಿದ ಕಸ್ಟಮ್ಸ್ ಚೀಟಿಯಲ್ಲಿ (ಸಿಎನ್ 22) ಮೂಲ ದೇಶದ ಕಡೆ ‘ಎನ್‌ಎಲ್’ ಅಂತ ಬರೆದಿದ್ದಾರೆ!

ಮೊದಲು ಬಾರ್‌ಕೋಡ್ ನಂಬರಿನ ಕೊನೆಯ ಎರಡಕ್ಷರ ನೋಡಿದೆ, ಅದೂ ಎನ್‌ಎಲ್. ಅದು ಅಂಚೆಗೆ ಹಾಕಿದ ದೇಶ ಮಾತ್ರ, ಮಾಲು ಎಲ್ಲಿಯದು ಅಂತ ಹೇಳಲ್ಲ ಅಂತ ಪೋಸ್ಟ್‌ಮ್ಯಾನ್ ಅಣ್ಣ ಬಿಡಿಸಿ ಹೇಳಿದರು. ಸರಿ. ಆಮೇಲೆ ಚೀಟಿಯಲ್ಲಿದ್ದ, ಮಾಲಿನ ಬಗೆ ಗುರುತಿಸೋ ಎಚ್‌ಎಸ್ ಕೋಡ್ 0901 21 ಹುಡುಕಿದೆ. ಹುರಿದ, ಕೆಫೀನ್ ತೆಗೆಯದ ಕಾಫಿ ಅಂತ ಗೊತ್ತಾಯ್ತು. ಹುರಿಯದ ಬೀಜಕ್ಕೆ 0901 11 ಅಂತೆ. ಅಂದರೆ ಕೋಡು ಮಾಲು ಯಾವ ಹಂತದಲ್ಲಿದೆ ಅನ್ನೋದನ್ನ ಹೇಳುತ್ತೆ, ಎಲ್ಲಿ ಹುರಿದರು ಅಂತಲ್ಲ. ಅಂಗಡಿಯವರಿಗೆ ಮೇಲ್ ಹಾಕಿದರೆ ‘ನಾವೇ ಇಲ್ಲಿ ಹುರಿಯುತ್ತೇವೆ’ ಅಂತ ಒಂದೇ ಸಾಲು. ಚೀಟಿ ತುಂಬಿ ಸಹಿ ಹಾಕೋದು ಕಳಿಸುವವರೇ ಆದ್ದರಿಂದ ಅದನ್ನೇ ಪುರಾವೆ ಅಂತ ನಂಬೋಕೂ ಆಗ್ತಿಲ್ಲ.

ಇಲ್ಲೇ ತಲೆ ಕೆಟ್ಟಿರೋದು. ನಮ್ಮ ಬೀಜವನ್ನೂ ಯಾರೋ ಅಲ್ಲಿ ಹುರಿದರೆ ಅದು ಅವರ ದೇಶದ್ದಾಗಿಬಿಡುತ್ತಾ?

ರಫ್ತು, ಕಸ್ಟಮ್ಸ್ ಕೆಲಸ ಗೊತ್ತಿರೋರು ಹೇಳಿ: ಹುರಿದ ಕಾಫಿಗೆ ಆ ಚೀಟಿಯ ಮೂಲ ದೇಶದ ಜಾಗದಲ್ಲಿ ಬೆಳೆದ ದೇಶ ಬರೀಬೇಕಾ, ಹುರಿದ ದೇಶ ಬರೀಬೇಕಾ?