ಸಹಾಯ ಬೇಕು: ಸಿಐಎಸ್‌ಎಸ್‌ಪಿ ಮಾಡಲಾ, ಮಾಸ್ಟರ್ಸ್ ಮಾಡಲಾ?

ನಮಸ್ಕಾರ. ನಾನು ಹನ್ನೊಂದು ವರ್ಷದಿಂದ ನೆಟ್‌ವರ್ಕ್ ಸೆಕ್ಯುರಿಟಿಯಲ್ಲಿದ್ದೇನೆ. ಸೆಕ್ಯುರಿಟಿ ಮ್ಯಾನೇಜರ್, ಆಮೇಲೆ ಕಂಪನಿಯ ಸೆಕ್ಯುರಿಟಿ ಮುಖ್ಯಸ್ಥ, ಅಂದರೆ ಸಿಸೋ ಆಗುವ ಆಸೆ.

ಸಿಐಎಸ್‌ಎಸ್‌ಪಿ ಅನ್ನೋ ಸೆಕ್ಯುರಿಟಿ ಸರ್ಟಿಫಿಕೇಟಿಗೆ ಅದರ ಎಂಟು ವಿಭಾಗಗಳಲ್ಲಿ ಕನಿಷ್ಠ ಎರಡರಲ್ಲಿ, ಒಟ್ಟು 5 ವರ್ಷದ ಅನುಭವ ಬೇಕು. ಅದು ನನಗಿದೆ. ಕೆಲಸ ಮಾಡುತ್ತಲೇ ಓದಿ ಪರೀಕ್ಷೆ ಬರೆಯಬಹುದು. ಆದರೆ ಪಾಸಾದ ಮೇಲೂ 3 ವರ್ಷಕ್ಕೆ 120 ಸಿಪಿಇ, ಅಂದರೆ ಮುಂದುವರಿದ ಕಲಿಕೆಯ ಕ್ರೆಡಿಟ್ ಕೂಡಿಸಬೇಕು, ವರ್ಷಾ ವರ್ಷಾ ಫೀಸು ಕಟ್ಟಬೇಕು. ಮಾಸ್ಟರ್ಸ್‌ಗೆ ಆ ರಗಳೆ ಇಲ್ಲ, ಆದರೆ ಎರಡು ವರ್ಷದ ಸಂಜೆಗಳೆಲ್ಲ ಹೋದವು ಅಂತಲೇ ಲೆಕ್ಕ!

ನಾನು ನೋಡಿದ ಮ್ಯಾನೇಜರ್ ಹುದ್ದೆಗಳಲ್ಲಿ ಸಿಐಎಸ್‌ಎಸ್‌ಪಿ ಕಡ್ಡಾಯ, ಮಾಸ್ಟರ್ಸ್ ಇದ್ದರೆ ಒಳ್ಳೇದು ಅಂತಿದೆ. ಫೈರ್‌ವಾಲ್ ರೂಲ್ ಬರೆಯೋದು ನನಗೆ ಸಲೀಸು. ಬಜೆಟ್ ಮಂಡಿಸಿ, ರಿಸ್ಕನ್ನು ದುಡ್ಡಿನ ಲೆಕ್ಕದಲ್ಲಿ ಆಡಳಿತ ಮಂಡಳಿಗೆ ಒಪ್ಪಿಸೋದು ಬರೋದಿಲ್ಲ. ಸಿಐಎಸ್‌ಎಸ್‌ಪಿ ಓದಿದರೆ ಇದು ಬರುತ್ತಾ, ಅಥವಾ ಸುಮ್ನೆ ರೆಸ್ಯೂಮೆ ಫಿಲ್ಟರ್ ದಾಟೋಕೆ ಮಾತ್ರಾನಾ? ನೇಮಕಾತಿ ಮಾಡುವವರು ದಯವಿಟ್ಟು ಹೇಳಿ.